ಹಳೆಯ ಇಂಗ್ಲಿಷನ್ನು ಕನ್ನಡಕ್ಕೆ ತರುವವರು ಮಾಡಬೇಕಾದ್ದು, ಮಾಡಬಾರದ್ದು

ನಮ್ಮ ಅನುವಾದ ಮಾಲೆಗೆ ಹಸ್ತಪ್ರತಿ ಕೊಡುವವರೆಲ್ಲ ಇದನ್ನು ಓದಿಕೊಂಡೇ ಕೆಲಸಕ್ಕೆ ಕೂರಬೇಕು. 1590ರಿಂದ 1900ರವರೆಗಿನ ಇಂಗ್ಲಿಷಿಗೆ ಇದು ಅನ್ವಯಿಸುತ್ತದೆ. ಶೇಕ್ಸ್‌ಪಿಯರ್, 1611ರ ಬೈಬಲ್, ಜೇನ್ ಆಸ್ಟೆನ್, ಆ ಕಾಲದ ಪ್ರವಾಸಿಗಳ ಬರಹ ಎಲ್ಲ ಇದರೊಳಗೆ ಬರುತ್ತವೆ. ಅದಕ್ಕೂ ಹಿಂದಿನ ಚಾಸರನ ಇಂಗ್ಲಿಷ್ ನೋಡಿದ ಕೂಡಲೇ ಅಪರಿಚಿತ ಎನಿಸುತ್ತದೆ. ಅದನ್ನು ಮುಟ್ಟುವವರು ಹೆದರಿಕೊಂಡೇ ಮುಟ್ಟುತ್ತಾರೆ, ಹಾಗಾಗಿ ತಪ್ಪೂ ಕಡಿಮೆ. ತಪ್ಪುಗಳು ರಾಶಿ ಬೀಳುವುದು ನಮಗೆ ಓದಲು ಬರುತ್ತದೆ ಎಂದು ನಾವು ನಂಬಿರುವ ಇಂಗ್ಲಿಷಿನಲ್ಲಿ.

ಮಾಡಬಾರದು: ಗೊತ್ತಿರುವ ಪದ ಎಂದು ನಿಘಂಟು ಮುಚ್ಚಿಡಬಾರದು

ಗೊತ್ತಿಲ್ಲದ ಪದ ಯಾರನ್ನೂ ಕೆಡಿಸುವುದಿಲ್ಲ. ಅದು ದಾರಿಯಲ್ಲಿ ಕಲ್ಲಿನ ಹಾಗೆ ಬಿದ್ದಿರುತ್ತದೆ, ಎಡವಿ ನಿಲ್ಲುತ್ತೀರಿ, ಅರ್ಥ ಹುಡುಕುತ್ತೀರಿ. ಕೈಕೊಡುವುದು ದಿನಾ ಬಳಸುವ ಪದ. ಅದರ ಇಂದಿನ ಅರ್ಥ ಹಳೆಯ ವಾಕ್ಯದಲ್ಲೂ ಹೇಗೋ ಕೂತುಬಿಡುತ್ತದೆ, ಅನುಮಾನವೇ ಬರುವುದಿಲ್ಲ. ಸಿ.ಎಸ್. ಲೂಯಿಸ್ 1960ರಲ್ಲಿ ಪದಗಳ ಬಗ್ಗೆಯೇ ಒಂದು ಪುಸ್ತಕ ಬರೆದರು. ನಮ್ಮ ತಲೆಯಲ್ಲಿ ಮೊದಲು ಎದ್ದುಬರುವ ಇಂದಿನ ಅರ್ಥವನ್ನು ಅವರು ಅದರಲ್ಲಿ ಅಪಾಯದ ಅರ್ಥ ಎಂದು ಕರೆದಿದ್ದಾರೆ. ವಾಕ್ಯ ಅರ್ಥವಾಗದೆ ಹೋದರೆ ಓದುಗ ಬಚಾವ್. ಅರ್ಥವಾದಂತೆ ಕಂಡರೆ ಮುಗಿಯಿತು.

ನನ್ನದೇ ತಪ್ಪಿನಿಂದ ಶುರುಮಾಡುತ್ತೇನೆ. ಮೂವತ್ತರ ವಯಸ್ಸಿನಲ್ಲಿ ಆಸ್ಟೆನಳ ‘ಎಮ್ಮಾ’ದ ಕೆಲವು ಅಧ್ಯಾಯಗಳನ್ನು ಕನ್ನಡಕ್ಕೆ ತಂದಿದ್ದೆ. ಕಾದಂಬರಿ ಬಂದದ್ದು 1815ರ ಡಿಸೆಂಬರಿನಲ್ಲಿ. ಅದರಲ್ಲಿ ಕ್ರಿಸ್‌ಮಸ್ ಹಿಂದಿನ ರಾತ್ರಿಯ ಒಂದು ಪ್ರಸಂಗವಿದೆ. ಹಿಮ ಬೀಳುತ್ತಿದೆ, ವೆಸ್ಟನ್ನರ ಮನೆಯಲ್ಲಿ ಊಟ ಮುಗಿಸಿದವರು ಗಾಡಿ ಹತ್ತುತ್ತಾರೆ, ಎಮ್ಮಾ ಮತ್ತು ಪಾದ್ರಿ ಎಲ್ಟನ್ ಇಬ್ಬರೇ ಒಂದು ಗಾಡಿಯಲ್ಲಿ ಉಳಿಯುತ್ತಾರೆ. ಆತ ಅವಳ ಕೈ ಹಿಡಿಯುತ್ತಾನೆ. ಆಮೇಲೆ ಅವನು ಏನು ಮಾಡಿದ ಎಂಬುದಕ್ಕೆ ಆಸ್ಟೆನ್ ಬಳಸುವುದು ‘ಮೇಕ್ ಲವ್’ ಎಂಬ ಮಾತನ್ನು, ಜೊತೆಗೆ ‘ವಯಲೆಂಟ್’ ಎಂಬ ವಿಶೇಷಣ ಬೇರೆ. ನಾನು ಬೆವರಿದೆ. ಇಂಗ್ಲೆಂಡಿನ ಪಾದ್ರಿ ಚಲಿಸುವ ಗಾಡಿಯಲ್ಲಿ ಹೀಗೆಲ್ಲ ಮಾಡಿದನೆಂದು ಬರೆಯುವುದು ಹೇಗೆ? ಕೊನೆಗೆ ‘ಅವಳ ಮೇಲೆರಗಿದ’ ಎಂದು ಬರೆದೆ. ಅದು ಅಚ್ಚಾಗಿಯೂ ಹೋಯಿತು.

ಆ ಕಾಲದಲ್ಲಿ ಆ ಮಾತಿಗೆ ಇದ್ದ ಅರ್ಥ ಪ್ರೇಮನಿವೇದನೆ, ಅಷ್ಟೇ. ಬಾಯಿಮಾತಿನಲ್ಲಿ ಒಲಿಸಿಕೊಳ್ಳುವುದು. ದೈಹಿಕ ಅರ್ಥ ಅದಕ್ಕೆ ಬಲವಾಗಿ ಅಂಟಿಕೊಂಡಿದ್ದು 20ನೇ ಶತಮಾನದಲ್ಲಿ. ‘ವಯಲೆಂಟ್’ ಎಂದರೆ ಅಲ್ಲಿ ಆವೇಶದ, ತಡೆಯಿಲ್ಲದ ಎಂದು. ಎಲ್ಟನ್ ಮಾಡಿದ್ದು ಒಂದೇ ಉಸಿರಿಗೆ ತನ್ನ ಪ್ರೀತಿಯನ್ನು ತೋಡಿಕೊಂಡದ್ದು. ವೆಸ್ಟನ್ನರ ಮನೆಯ ಒಳ್ಳೆಯ ವೈನೂ ಅದಕ್ಕೆ ಸ್ವಲ್ಪ ಕಾರಣ.

ನಾಚಿಕೆಯ ಸಂಗತಿ ಇನ್ನೊಂದಿದೆ. ತಪ್ಪು ಹಿಡಿಯಲು ನನಗೆ ನಿಘಂಟೂ ಬೇಕಿರಲಿಲ್ಲ. ಮುಂದಿನ ಪುಟ ತಿರುವಿದ್ದರೆ ಸಾಕಿತ್ತು. ಎಮ್ಮಾ ಕಿರುಚುವುದಿಲ್ಲ, ಗಾಡಿ ನಿಲ್ಲಿಸುವುದಿಲ್ಲ. ನೀವು ಪ್ರೀತಿಸುವುದು ನನ್ನ ಗೆಳತಿ ಹ್ಯಾರಿಯೆಟಳನ್ನಲ್ಲವೇ ಎಂದು ವಾದಕ್ಕಿಳಿಯುತ್ತಾಳೆ. ಆಮೇಲೆ ಇಬ್ಬರೂ ಮುಖ ಗಂಟಿಕ್ಕಿಕೊಂಡು ಮೌನವಾಗಿ ಕೂರುತ್ತಾರೆ. ಅವನ ಮನೆಯ ಹತ್ತಿರ ಗಾಡಿ ನಿಂತಾಗ ಅವನು ಇಳಿದು ಹೋಗುತ್ತಾನೆ, ಇವಳು ಗುಡ್‌ನೈಟ್ ಹೇಳುತ್ತಾಳೆ. ಮೇಲೆರಗಿದವನಿಗೆ ಯಾರು ಗುಡ್‌ನೈಟ್ ಹೇಳುತ್ತಾರೆ?

ಆದ್ದರಿಂದ ನಿಯಮ ಹೀಗಿದೆ. ಒಂದು ಪದದಿಂದ ಪಾತ್ರದ ನಡತೆ, ಕಾಲ, ಕಾನೂನು ಅಥವಾ ಅಡುಗೆ ವಿಚಿತ್ರವಾಗಿ ಕಂಡರೆ, ಲೇಖಕರು ವಿಚಿತ್ರದವರು ಎಂದುಕೊಳ್ಳಬೇಡಿ. ಮೊದಲು ಪದದ ಮೇಲೆ ಅನುಮಾನಪಡಿ. ಮುಂದಿನ ಎರಡು ಪುಟ ಓದಿ, ನಿಮ್ಮ ಅರ್ಥದ ಪ್ರಕಾರ ಜನ ನಡೆದುಕೊಳ್ಳುತ್ತಿದ್ದಾರೆಯೇ ನೋಡಿ.

ಮಾಡಬೇಕು: ಪದದ ಪಕ್ಕ ಇಸವಿ ಬರೆಯಬೇಕು

‘ನೈಸ್’ ಪದವನ್ನೇ ತೆಗೆದುಕೊಳ್ಳಿ. ಅದರ ಬೇರು ಲ್ಯಾಟಿನ್ನಿನದು. ‘ತಿಳಿಯದವನು’ ಎಂಬರ್ಥದ ಮಾತು ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂದಾಗ, ಅಂದರೆ 1300ರ ಸುಮಾರಿಗೆ, ‘ದಡ್ಡ’ ಎಂದಿತ್ತು. ದಡ್ಡತನದಿಂದ ಚೆಲ್ಲುತನಕ್ಕೆ, ಅಲ್ಲಿಂದ ಅತಿ ನಾಜೂಕಿಗೆ, ನಾಜೂಕಿನಿಂದ ಮಡಿವಂತಿಕೆಗೆ ಜಾರಿತು. ಮಡಿವಂತ ಎಲ್ಲವನ್ನೂ ಸೂಕ್ಷ್ಮವಾಗಿ ನೋಡುವವನಾದ್ದರಿಂದ ‘ಸೂಕ್ಷ್ಮ, ಕರಾರುವಾಕ್ಕು’ ಎಂಬ ಅರ್ಥ ಬಂತು. ‘ಹಿತವಾದ, ಸೊಗಸಾದ’ ಎಂಬುದು 18ನೇ ಶತಮಾನದ ನಡುವಿನಿಂದ ಈಚಿನದು. ಹಳೆಯ ಅರ್ಥ ಬಿಟ್ಟ ದಿನವೇ ಹೊಸದು ಬಂದು ಕೂತಿದ್ದಲ್ಲ. ಒಂದೇ ಮನೆಯಲ್ಲಿ ಅಜ್ಜ, ಮಗ, ಮೊಮ್ಮಗ ಇರುವ ಹಾಗೆ ಬಹಳ ಕಾಲ ಎಲ್ಲವೂ ಒಟ್ಟಿಗಿದ್ದವು.

ನಗಬೇಡಿ, ನಾವೂ ಕಡಿಮೆಯೇನಲ್ಲ. ಇದೇ ಪದ ಕನ್ನಡದ ಅಡುಗೆಮನೆಗೆ ಬಂದು ‘ನೈಸಾಗಿ ರುಬ್ಬು’ ಎನ್ನುವಾಗ ನುಣ್ಣಗೆ ಎಂದಾಗಿದೆ. ‘ಅವನನ್ನು ನೈಸ್ ಮಾಡಿ ಕೆಲಸ ಮಾಡಿಸ್ಕೊಂಡ’ ಎನ್ನುವಾಗ ಬೆಣ್ಣೆ ಹಚ್ಚುವುದಾಗಿದೆ. ಇನ್ನು ನೂರು ವರ್ಷಕ್ಕೆ ನಮ್ಮ ಕತೆಗಳನ್ನು ಇಂಗ್ಲಿಷಿಗೆ ತರುವವರು ತಲೆ ಕೆರೆದುಕೊಳ್ಳಲಿ ಬಿಡಿ.

ಈಗ ಎರಡು ಜಾಗ ನೋಡೋಣ. ಮೊದಲನೆಯದು ‘ರೋಮಿಯೋ ಮತ್ತು ಜೂಲಿಯೆಟ್’, ಸುಮಾರು 1595. ಜೂಲಿಯೆಟ್ ಸತ್ತಂತೆ ಮಲಗಿದ್ದಾಳೆ, ನಿಜವಾಗಿ ಸತ್ತಿಲ್ಲ ಎಂದು ತಿಳಿಸುವ ಪತ್ರವನ್ನು ಪಾದ್ರಿ ಲಾರೆನ್ಸ್ ಇನ್ನೊಬ್ಬ ಪಾದ್ರಿಯ ಕೈಲಿ ರೋಮಿಯೋಗೆ ಕಳಿಸಿದ್ದಾನೆ. ಪ್ಲೇಗಿನ ಅನುಮಾನದಿಂದ ಅಧಿಕಾರಿಗಳು ಆ ಇನ್ನೊಬ್ಬನನ್ನು ಮನೆಯೊಂದರಲ್ಲಿ ಕೂಡಿಹಾಕಿ ಬಾಗಿಲು ಮುಚ್ಚಿಸುತ್ತಾರೆ, ಪತ್ರ ತಲುಪುವುದಿಲ್ಲ. ಅದು ತಿಳಿದಾಗ ಲಾರೆನ್ಸ್ ಹೌಹಾರಿ, ಆ ಪತ್ರ ‘ನೈಸ್’ ಆಗಿರಲಿಲ್ಲ ಎನ್ನುತ್ತಾನೆ. ‘ಅದು ಒಳ್ಳೆಯ ಪತ್ರವಾಗಿರಲಿಲ್ಲ’ ಎಂದು ಬರೆದುಕೊಟ್ಟ ಹಸ್ತಪ್ರತಿ ನನ್ನ ಮೇಜಿಗೆ ಬಂದಿದೆ. ಕೆಟ್ಟ ಸುದ್ದಿಯ ಪತ್ರ ತಲುಪದಿದ್ದರೆ ಒಳ್ಳೆಯದೇ ಅಲ್ಲವೇ, ಪಾದ್ರಿಗೇಕೆ ದಿಗಿಲು? ಅಲ್ಲಿ ಅರ್ಥ ‘ಕ್ಷುಲ್ಲಕ’. ಅದು ಸಣ್ಣಪುಟ್ಟ ವಿಷಯದ ಪತ್ರವಲ್ಲ, ಜೀವ ಹೋಗುವ ಸಂಗತಿ ಎಂದು ಅವನ ಮಾತು. ಸೂಕ್ಷ್ಮ ಎಂಬ ಅರ್ಥ ‘ತೀರ ಸಣ್ಣ, ಲೆಕ್ಕಕ್ಕಿಲ್ಲದ’ ಎಂಬ ಕಡೆಗೂ ಕವಲೊಡೆದಿತ್ತು.

ಎರಡನೆಯದು ಆಸ್ಟೆನಳ ‘ನಾರ್ಥ್ಯಾಂಗರ್ ಅಬ್ಬೆ’. ಅವಳು ತೀರಿಕೊಂಡ ಮೇಲೆ 1817ರ ಕೊನೆಯಲ್ಲಿ ಪ್ರಕಟವಾಯಿತು, ಬರೆದದ್ದು ಎಷ್ಟೋ ವರ್ಷ ಮೊದಲು. ಅದರಲ್ಲಿ ಹುಡುಗಿ ಕ್ಯಾಥರೀನ್ ತನ್ನ ಮೆಚ್ಚಿನ ಕಾದಂಬರಿಯನ್ನು ಜಗತ್ತಿನಲ್ಲೇ ‘ನೈಸ್’ ಪುಸ್ತಕ ಎನ್ನುತ್ತಾಳೆ. ಹೆನ್ರಿ ಟಿಲ್ನಿ ಅವಳನ್ನು ಗೋಳುಹೊಯ್ದುಕೊಳ್ಳುತ್ತಾನೆ. ಅಂದರೆ ಅಚ್ಚುಕಟ್ಟು ಅಂತಲೇ, ಹಾಗಾದರೆ ಅದು ರಟ್ಟು ಕಟ್ಟಿದವನ ಕೈಗುಣ ಎಂಬ ಧಾಟಿ. ಒಂದೇ ಪದದ ಹಳೆಯ ಅರ್ಥ ಹುಡುಗನ ಬಾಯಲ್ಲಿ, ಹೊಸ ಅರ್ಥ ಹುಡುಗಿಯ ಬಾಯಲ್ಲಿ. ಪದ ಹಳಸಿದ್ದೇ ಇಲ್ಲಿ ತಮಾಷೆ.

ಇಂಥ ಕಡೆ ‘ಸುಂದರ ಪುಸ್ತಕ’ ಎಂದು ಬರೆದು ಕೆಳಗೆ ಅಡಿಟಿಪ್ಪಣಿ ಹಾಕುವುದು ಸೋಮಾರಿತನ. ಎರಡೂ ಕಡೆ ಕಾಲಿಟ್ಟಿರುವ ಕನ್ನಡ ಪದ ಬೇಕು. ನನಗೆ ಹೊಳೆದದ್ದು ‘ಚೊಕ್ಕ’. ಚೊಕ್ಕ ಎಂದರೆ ಶುಚಿ, ಅಚ್ಚುಕಟ್ಟು. ಹಾಗೆಯೇ ‘ಚೊಕ್ಕ ಕತೆ’ ಎಂದರೆ ಒಳ್ಳೆಯ ಕತೆ. ಹುಡುಗಿ ‘ಇಷ್ಟು ಚೊಕ್ಕ ಪುಸ್ತಕ ಇನ್ನೊಂದಿಲ್ಲ’ ಎನ್ನಲಿ, ಹುಡುಗ ‘ಹೌದೌದು, ರಟ್ಟು ಚೊಕ್ಕವಾಗಿಯೇ ಇದೆ’ ಎನ್ನಲಿ. ನಗು ಉಳಿಯುತ್ತದೆ, ಟಿಪ್ಪಣಿ ಬೇಕಾಗುವುದಿಲ್ಲ. ಇದಕ್ಕಿಂತ ಒಳ್ಳೆಯದು ಹೊಳೆದರೆ ತನ್ನಿ.

ಇಸವಿ ಬರೆಯಿರಿ ಎನ್ನುವುದು ಇದಕ್ಕೇ. ಹಸ್ತಪ್ರತಿಯ ಅಂಚಿನಲ್ಲಿ ಪದ, ಅದರ ಪಕ್ಕ ಕೃತಿಯ ವರ್ಷ, ಅದರ ಪಕ್ಕ ಆ ವರ್ಷ ಚಾಲ್ತಿಯಲ್ಲಿದ್ದ ಅರ್ಥಗಳು. ಆಯ್ಕೆ ಅವುಗಳೊಳಗೆ ಮಾತ್ರ.

ಮಾಡಬಾರದು: ಬೇರನ್ನೇ ಅರ್ಥವೆಂದು ತಿಳಿಯಬಾರದು

ಇದು ಸ್ವಲ್ಪ ಓದಿಕೊಂಡವರ ಕಾಯಿಲೆ. ‘ನೈಸ್’ ಬೇರಿನಲ್ಲಿ ದಡ್ಡ ಎಂದಿತ್ತೆಂದು ತಿಳಿದ ಮರುದಿನ ಆಸ್ಟೆನಳ ಪ್ರತಿ ‘ನೈಸ್’ ಹಿಂದೆಯೂ ದಡ್ಡತನ ಅಡಗಿದೆ ಎಂದು ವಾದಿಸುವವರಿದ್ದಾರೆ. 1300ರ ಅರ್ಥ 1815ಕ್ಕೆ ಸಲ್ಲುವುದಿಲ್ಲ, ಇಂದಿನ ಅರ್ಥ ಸಲ್ಲದ ಹಾಗೆಯೇ. ಎಣ್ಣೆ ಎಂಬ ಮಾತಿನೊಳಗೆ ಎಳ್ಳು ಇದೆ ನಿಜ, ಅದಕ್ಕಾಗಿ ಕೊಬ್ಬರಿ ಎಣ್ಣೆಯನ್ನು ಯಾರೂ ಎಳ್ಳಿನದು ಎನ್ನುವುದಿಲ್ಲ.

ಮಾಡಬಾರದು: ಆ ಅರಸನ ಕತೆಯನ್ನು ಮುನ್ನುಡಿಯಲ್ಲಿ ಹೇಳಬಾರದು

ಮೂರು ಮುನ್ನುಡಿಗಳಿಂದ ಇದನ್ನು ಹೊಡೆದುಹಾಕಿದ್ದೇನೆ, ನಾಲ್ಕನೆಯದೂ ಬರಬಹುದು. ಕತೆ ಹೀಗೆ: ಲಂಡನ್ನಿನ ಸೇಂಟ್ ಪಾಲ್ಸ್ ಕೆಥೆಡ್ರಲ್ ನೋಡಿದ ಅರಸ, ಕಟ್ಟಿದ ಕ್ರಿಸ್ಟೋಫರ್ ರೆನ್‌ಗೆ ಇದು ‘ಅಮ್ಯೂಸಿಂಗ್, ಆಫುಲ್, ಆರ್ಟಿಫಿಶಿಯಲ್’ ಎಂದನಂತೆ. ಅಂದರೆ ಮನಸೆಳೆಯುವ, ಭಯಭಕ್ತಿ ಹುಟ್ಟಿಸುವ, ಕಲಾಕೌಶಲದ ಕಟ್ಟಡ. ರೆನ್ ಖುಷಿಪಟ್ಟನಂತೆ. ಕತೆ ಚೆನ್ನಾಗಿದೆ. ಆದರೆ ಹೇಳುವವರ ಬಾಯಲ್ಲಿ ಅರಸ ಒಮ್ಮೆ ಎರಡನೇ ಚಾರ್ಲ್ಸ್, ಒಮ್ಮೆ ಎರಡನೇ ಜೇಮ್ಸ್, ಒಮ್ಮೆ ರಾಣಿ ಆ್ಯನ್ ಆಗುತ್ತಾನೆ. ಮಾತು ಅದೇ ಇದ್ದು ಆಡಿದವರು ಮಾತ್ರ ಬದಲಾಗುತ್ತಿದ್ದರೆ ಅದು ಕಟ್ಟುಕತೆಯ ಲಕ್ಷಣ.

ಅದರ ಬುಡದಲ್ಲಿ ಒಂದು ನಿಜದ ಕಾಳಿದೆ, ಬೇಕಾದರೆ ಅದನ್ನು ಬರೆಯಿರಿ. 1666ರ ಬೆಂಕಿಯಲ್ಲಿ ಹಳೆಯ ಕೆಥೆಡ್ರಲ್ ಹಾಳಾದ ಮೇಲೆ, 1675ರ ಮೇ 14ರಂದು ಚಾರ್ಲ್ಸ್ ರೆನ್‌ನ ನಕ್ಷೆಯೊಂದಕ್ಕೆ ಒಪ್ಪಿಗೆಯ ಫರ್ಮಾನು ಹೊರಡಿಸಿದ. ಆ ನಕ್ಷೆಯನ್ನು ಮೆಚ್ಚಿ ಅದರಲ್ಲಿ ಬಳಸಿದ ಪದಗಳಲ್ಲಿ ‘ಆರ್ಟಿಫಿಶಿಯಲ್’ ಒಂದು. ಕೈಚಳಕದಿಂದ, ಬುದ್ಧಿಯಿಂದ ಮಾಡಿದ್ದು ಎಂದು ಅರ್ಥ. ‘ಆಫುಲ್’ ಆ ಕಾಗದದ ಮೆಚ್ಚುಗೆಯಲ್ಲಿ ಇಲ್ಲ. ಇಲ್ಲಿ ಕನ್ನಡದ ‘ಕೃತಕ’ವನ್ನು ತಂದು ಹಾಕಿದರೆ ಅರಸ ಬೈದಂತಾಗುತ್ತದೆ. ನಮ್ಮ ‘ಕೃತಕ’ವೂ ಇಂಗ್ಲಿಷ್ ಪದದಂತೆಯೇ ಹೂವಿನಿಂದ ಪ್ಲಾಸ್ಟಿಕ್ಕಿಗೆ ಇಳಿದಿದೆ. ‘ಕುಶಲ ರಚನೆ’ ಎನ್ನಿ.

‘ಆಫುಲ್’ ವಿಷಯಕ್ಕೆ ಬಂದರೆ, ‘ಕೆಟ್ಟ’ ಎಂಬ ಅರ್ಥ ಬಳಕೆಯಲ್ಲಿ ಬೇರೂರಿದ್ದು 19ನೇ ಶತಮಾನದ ಹೊತ್ತಿಗೆ. ಅದಕ್ಕೆ ಮೊದಲಿನ ಕೃತಿಗಳಲ್ಲಿ ಆ ಅರ್ಥ ಕೊಡಲೇಬೇಡಿ. ಆದರೆ ‘ಭಯಭಕ್ತಿ ಹುಟ್ಟಿಸುವ’ ಎಂದು ಎಲ್ಲ ಕಡೆ ಮೊಳೆ ಹೊಡೆಯುವುದೂ ಸಲ್ಲದು. ಶೇಕ್ಸ್‌ಪಿಯರನ ಎರಡನೇ ರಿಚರ್ಡ್, ಫ್ಲಿಂಟ್ ಕೋಟೆಯಲ್ಲಿ ತನ್ನೆದುರು ಮಂಡಿಯೂರದೆ ನಿಂತ ನಾರ್ಥಂಬರ್‌ಲ್ಯಾಂಡ್‌ನನ್ನು ಗದರಿಸುವಾಗ ಇದೇ ಪದ ಬಳಸುತ್ತಾನೆ. ಅಲ್ಲಿ ಅದು ಭಯ ಹುಟ್ಟಿಸುವವನ ಗುಣವಲ್ಲ, ಭಯಭಕ್ತಿ ಇರಬೇಕಾದವನು ಸಲ್ಲಿಸಬೇಕಾದ ಮರ್ಯಾದೆ. ದಿಕ್ಕು ತಿರುಗಿದೆ. ಯಾರು ಹೆದರುತ್ತಿದ್ದಾರೆ, ಯಾರನ್ನು ಕಂಡು, ಎಂದು ಕೇಳಿಕೊಂಡೇ ಬರೆಯಬೇಕು.

ಇದಕ್ಕೆ ‘ಅದ್ಭುತ’ ಎಂದು ಬರೆದು ಪಾರಾಗುವವರಿಗೊಂದು ಮಾತು. ಒಂಬತ್ತು ರಸಗಳಲ್ಲಿ ಒಂದಾಗಿದ್ದ ಅದ್ಭುತ ಈಗ ಮಸಾಲೆದೋಸೆಗೆ ಸಲ್ಲುತ್ತಿದೆ. ‘ಭಯಂಕರ’ ಇನ್ನೂ ಮುಂದೆ ಹೋಗಿ ‘ಭಯಂಕರ ಚೆನ್ನಾಗಿದೆ’ ಎನ್ನುವವರೆಗೆ ಬಂದು ನಿಂತಿದೆ. ಮೂಲದ ಪದದ ವಯಸ್ಸು ನೋಡಿದ ಮೇಲೆ ನಮ್ಮ ಪದದ ವಯಸ್ಸನ್ನೂ ನೋಡಬೇಕು. ಹಳಸಿದ್ದನ್ನು ತೆಗೆದು ಹಳಸಿದ್ದನ್ನೇ ಬಡಿಸಬೇಡಿ.

ಮಾಡಬೇಕು: 1611ನ್ನು 1885ರ ಪಕ್ಕದಲ್ಲಿಟ್ಟು ಓದಬೇಕು

ಅರಸ ಮೊದಲನೇ ಜೇಮ್ಸನ ಹೆಸರಿನ ಬೈಬಲ್ 1611ರದು. ಅದರ ಪರಿಷ್ಕೃತ ಆವೃತ್ತಿಯಲ್ಲಿ ಹೊಸ ಒಡಂಬಡಿಕೆ 1881ರಲ್ಲಿ, ಹಳೆಯ ಒಡಂಬಡಿಕೆ 1885ರಲ್ಲಿ ಬಂದವು. ಪರಿಷ್ಕರಿಸಿದವರು ಹಳೆಯ ಮಾತನ್ನು ಆದಷ್ಟು ಉಳಿಸಿಕೊಂಡವರು. ಅಂಥವರೂ ಒಂದು ಪದ ಬದಲಿಸಿದ್ದಾರೆಂದರೆ ಎರಡು ಕಾರಣ ಇರಬಹುದು: ಮೂಲ ಗ್ರೀಕ್, ಹೀಬ್ರೂ ಪಾಠದ ಓದು ಬದಲಾಗಿದೆ, ಇಲ್ಲವೇ ಇಂಗ್ಲಿಷ್ ಪದ ಜಾರಿದೆ. ಹಳೆಯ ಧರ್ಮೋಪದೇಶ, ಪತ್ರ, ಕಾದಂಬರಿಗಳಲ್ಲೆಲ್ಲ 1611ರ ಮಾತುಗಳು ಉದುರುತ್ತಲೇ ಇರುವುದರಿಂದ ಬೈಬಲ್ ಅನುವಾದಿಸದವರಿಗೂ ಈ ಅಭ್ಯಾಸ ಬೇಕು.

ಯಾಜಕಕಾಂಡದ ಎರಡನೇ ಅಧ್ಯಾಯ ತೆಗೆಯಿರಿ. ಮೊದಲನೇ ಅಧ್ಯಾಯವೆಲ್ಲ ಹೋರಿ, ಕುರಿ, ಹಕ್ಕಿಗಳ ಬಲಿ. ಅದೇ ಗುಂಗಿನಲ್ಲಿ ಎರಡನೆಯದಕ್ಕೆ ಬಂದರೆ 1611ರ ಪಾಠದಲ್ಲಿ ‘ಮೀಟ್ ಆಫರಿಂಗ್’ ಕಾಣುತ್ತದೆ. ಮಾಂಸದ ನೈವೇದ್ಯ ಎಂದು ಕೈ ತಾನಾಗಿ ಬರೆಯುತ್ತದೆ, ಯಾಕೆಂದರೆ ಹಿಂದಿನ ಪುಟದಲ್ಲಿ ರಕ್ತ ಇನ್ನೂ ಒಣಗಿಲ್ಲ. ತಡೆಯಿರಿ. ಸಾಮಾನಿನ ಪಟ್ಟಿ ಓದಿ: ನುಣ್ಣನೆಯ ಹಿಟ್ಟು, ಎಣ್ಣೆ, ಧೂಪ. ಒಲೆಯಲ್ಲಿ ಸುಟ್ಟ ರೊಟ್ಟಿ, ಹೆಂಚಿನಲ್ಲಿ ಬೇಯಿಸಿದ್ದು. ಹುಳಿ ಸೇರಿಸಬಾರದು, ಜೇನು ಹಾಕಬಾರದು, ಉಪ್ಪು ಬಿಡಬಾರದು. ಅಧ್ಯಾಯದ ಕೊನೆಯವರೆಗೆ ಹುಡುಕಿದರೂ ಒಂದು ತುಂಡು ಮಾಂಸವಿಲ್ಲ. 1611ರಲ್ಲಿ ‘ಮೀಟ್’ ಎಂದರೆ ಆಹಾರ, ಯಾವುದೇ ಆಹಾರ. 1885ರವರು ಒಂದೇ ಪದ ಬದಲಿಸಿ ಅದನ್ನು ‘ಮೀಲ್ ಆಫರಿಂಗ್’ ಮಾಡಿದರು, ಹಿಟ್ಟಿನ ಕಾಣಿಕೆ. ಹಳೆಯ ಅರ್ಥದ ಪಳೆಯುಳಿಕೆ ನಮ್ಮೂರ ಬೀದಿಯಲ್ಲೇ ನೇತಾಡುತ್ತಿದೆ. ಮಿಠಾಯಿ ಅಂಗಡಿಯ ‘ಸ್ವೀಟ್‌ಮೀಟ್’ ಬೋರ್ಡು ನೋಡಿ ಅಲ್ಲಿ ಕುರಿಮಾಂಸ ಕೇಳಿದವರನ್ನು ನಾನು ಕಂಡಿಲ್ಲ.

‘ಪ್ರಿವೆಂಟ್’ ಇನ್ನೂ ಮೋಸದ್ದು. 119ನೇ ಕೀರ್ತನೆಯ 147ನೇ ವಚನದಲ್ಲಿ ಭಕ್ತ ಮುಂಜಾವನ್ನು ‘ಪ್ರಿವೆಂಟ್’ ಮಾಡಿದೆ ಎನ್ನುತ್ತಾನೆ. ಸೂರ್ಯನನ್ನು ತಡೆದನೇ? ಲ್ಯಾಟಿನ್ನಿನಲ್ಲಿ ‘ಮುಂಚೆ ಬರುವುದು’ ಎಂಬ ಮಾತು ಅದು. ಬೆಳಗಾಗುವ ಮೊದಲೇ ಎದ್ದು ಮೊರೆಯಿಟ್ಟೆ ಎಂದು ಅರ್ಥ. ಕೀರ್ತನೆಯಲ್ಲಿ ತಪ್ಪು ಕಣ್ಣಿಗೆ ಹೊಡೆಯುತ್ತದೆ, ಸರಿ. ಥೆಸಲೋನಿಕದವರಿಗೆ ಬರೆದ ಮೊದಲ ಪತ್ರಿಕೆಯ ನಾಲ್ಕನೇ ಅಧ್ಯಾಯದಲ್ಲಿ ಹೊಡೆಯುವುದಿಲ್ಲ. ಪ್ರಭು ಬರುವಾಗ ಬದುಕಿರುವವರು ಸತ್ತವರನ್ನು ‘ಪ್ರಿವೆಂಟ್’ ಮಾಡುವುದಿಲ್ಲ ಎಂದಿದೆ ಅಲ್ಲಿ. ‘ತಡೆಯುವುದಿಲ್ಲ’ ಎಂದು ಬರೆದರೆ ವಾಕ್ಯ ನಿಲ್ಲುತ್ತದೆ, ಓದುಗ ತಲೆಯಾಡಿಸುತ್ತಾನೆ. ಆದರೆ ಹೇಳಬೇಕಾದ್ದು ‘ಅವರಿಗಿಂತ ಮುಂಚೆ ಹೋಗಿ ಸೇರುವುದಿಲ್ಲ’ ಎಂದು. ಸತ್ತ ಬಂಧುಗಳು ಹಿಂದೆ ಬಿದ್ದಾರೇನೋ ಎಂದು ಕೊರಗುತ್ತಿದ್ದವರಿಗೆ ಹೇಳಿದ ಸಮಾಧಾನವದು. 1881ರ ಪಾಠದಲ್ಲಿ ‘ಪ್ರಿಸೀಡ್’ ಎಂದಿದೆ.

‘ಕಾರ್ನ್’ ಬಗ್ಗೆ ಒಂದೇ ಮಾತು. ಅದನ್ನು ಮೆಕ್ಕೆಜೋಳ ಎಂದು ಬರೆದವರ ಹಸ್ತಪ್ರತಿಯನ್ನು ಓದದೆ ವಾಪಸು ಕಳಿಸುತ್ತೇನೆ. ಮೆಕ್ಕೆಜೋಳ ಅಮೆರಿಕದ ಬೆಳೆ, 1492ಕ್ಕೆ ಮೊದಲು ಈ ಕಡೆಯವರಾರೂ ಅದನ್ನು ಕಂಡಿರಲಿಲ್ಲ. ರೂತ್ ಹಕ್ಕಲಾಯ್ದದ್ದು ‘ಕಾರ್ನ್’ ತೆನೆಗಳನ್ನು, ಸಂಜೆ ಬಡಿದು ಅಳೆದಾಗ ಸಿಕ್ಕಿದ್ದು ಜವೆಗೋಧಿ. ಇಂಗ್ಲೆಂಡಿನವರ ಬಾಯಲ್ಲಿ ಆ ಪದಕ್ಕೆ ಧಾನ್ಯ, ಕಾಳು ಎಂದರ್ಥ, ಆಯಾ ಸೀಮೆಯ ಮುಖ್ಯ ಬೆಳೆ ಎಂದೂ ಅರ್ಥ. ಫ್ರಾನ್ಸಿಸ್ ಬುಕಾನನ್ 1800-01ರಲ್ಲಿ ಮೈಸೂರು, ಕೆನರಾ ಸೀಮೆ ಸುತ್ತಿ 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟ ಅಚ್ಚುಹಾಕಿಸಿದವನು. ಅಂಥವರ ಬರಹ ಅನುವಾದಿಸುವವರು ಊರಿನ ಬೆಳೆ ಯಾವುದೆಂದು ಮೊದಲು ತಿಳಿದುಕೊಳ್ಳಬೇಕು. ರಾಗಿಯ ಸೀಮೆಯಲ್ಲಿ ನಿಂತು ಬರೆದವನ ಕೈಗೆ ಪಾಪ್‌ಕಾರ್ನ್ ಕೊಡಬೇಡಿ.

ಮಾಡಬೇಕು: ಒಂದೇ ಕಾಗುಣಿತದೊಳಗೆ ಎರಡು ಪದ ಇದೆಯೇ ನೋಡಬೇಕು

ಎಲ್ಲವೂ ಅರ್ಥ ಜಾರಿದ ಪದಗಳಲ್ಲ. ‘ಲೆಟ್’ ಹಳೆಯ ಇಂಗ್ಲಿಷಿನಲ್ಲಿ ಎರಡು ಬೇರೆ ಬೇರೆ ಪದ. ಒಂದಕ್ಕೆ ‘ಬಿಡು’, ಇನ್ನೊಂದಕ್ಕೆ ‘ತಡೆ’ ಎಂದರ್ಥ. ಉಚ್ಚಾರ ಸವೆದು ಎರಡೂ ಒಂದೇ ರೂಪಕ್ಕೆ ಬಂದವು. ತದ್ವಿರುದ್ಧ ಅರ್ಥದ ಇಬ್ಬರು ಒಂದೇ ಅಂಗಿ ತೊಟ್ಟರೆ ಒಬ್ಬ ಹೊರಡಲೇಬೇಕು, ತಡೆ ಎಂಬಾತ ಹೊರಟ. ಹೋಗುವಾಗ ಅಲ್ಲಲ್ಲಿ ಸಾಮಾನು ಬಿಟ್ಟು ಹೋದ. ನಿಮ್ಮ ಪಾಸ್‌ಪೋರ್ಟ್ ತೆಗೆದು ರಾಷ್ಟ್ರಪತಿಗಳ ಹೆಸರಿನ ಕೋರಿಕೆ ಓದಿ. ಇವರನ್ನು ‘ಲೆಟ್’ ಆಗಲಿ ಅಡ್ಡಿಯಾಗಲಿ ಇಲ್ಲದೆ ಹೋಗಗೊಡಿ ಎಂದಿದೆ.

ಹ್ಯಾಮ್ಲೆಟ್ ತಂದೆಯ ಪ್ರೇತದ ಹಿಂದೆ ಹೊರಟಾಗ ಹೊರೇಷಿಯೋ, ಮಾರ್ಸೆಲಸ್ ಅವನನ್ನು ಹಿಡಿದುಕೊಳ್ಳುತ್ತಾರೆ. ನನ್ನನ್ನು ‘ಲೆಟ್’ ಮಾಡಿದವನನ್ನು ಪ್ರೇತ ಮಾಡಿಬಿಡುತ್ತೇನೆ ಎಂಬರ್ಥದ ಬೆದರಿಕೆ ಹಾಕುತ್ತಾನೆ ಅವನು. ‘ಬಿಟ್ಟವನನ್ನು ಕೊಲ್ಲುತ್ತೇನೆ’ ಎಂದು ಬರೆದರೆ ಬೆದರಿಕೆ ತಲೆಕೆಳಗಾಗುತ್ತದೆ. ಇಂಥ ಕಡೆ ರಂಗವನ್ನು ಕಣ್ಣಮುಂದೆ ತಂದುಕೊಳ್ಳಿ: ಯಾರ ಕೈ ಯಾರ ತೋಳಿನ ಮೇಲಿದೆ? ನಾಟಕದ ಅನುವಾದದಲ್ಲಿ ಇದಕ್ಕಿಂತ ಒಳ್ಳೆಯ ನಿಘಂಟಿಲ್ಲ. ‘ಟೆಂಪೆಸ್ಟ್’ನ ಕೊನೆಯ ಅಂಕದ ರಂಗಸೂಚನೆಯಲ್ಲಿ ಪ್ರಾಸ್ಪೆರೋ, ಚದುರಂಗ ಆಡುತ್ತಿರುವ ಮಗಳನ್ನೂ ಅವಳ ಪ್ರಿಯನನ್ನೂ ‘ಡಿಸ್ಕವರ್’ ಮಾಡುತ್ತಾನೆ. ಕಳೆದುಹೋದವರನ್ನು ಅವನು ಕಂಡುಹಿಡಿದದ್ದಲ್ಲ. ಪರದೆ ಸರಿಸಿ ಉಳಿದವರಿಗೆ ತೋರಿಸಿದ್ದು.

ಕಾಲ ಸೂಚಿಸುವ ಪದಗಳನ್ನೂ ನಂಬಬೇಡಿ. ‘ಬೈ ಅಂಡ್ ಬೈ’, ‘ಪ್ರೆಸೆಂಟ್ಲಿ’ ಎರಡಕ್ಕೂ ಹಿಂದೆ ‘ಈಗಲೇ, ತಕ್ಷಣ’ ಎಂಬರ್ಥ ಇತ್ತು. ಈಗಲೇ ಮಾಡುತ್ತೇನೆ ಎಂದವರೆಲ್ಲ ತಡಮಾಡಿದ್ದರಿಂದ ಪದವೇ ‘ಆಮೇಲೆ’ ಆಗಿಹೋಯಿತು. ‘ಬಂದೆ, ಒಂದೇ ನಿಮಿಷ’ ಎಂಬ ನಮ್ಮ ಮಾತಿನ ಗತಿಯೂ ಅದೇ. ಮಾರ್ಕನ ಸುವಾರ್ತೆಯ ಆರನೇ ಅಧ್ಯಾಯದಲ್ಲಿ ಹೆರೋದನ ಮುಂದೆ ಕುಣಿದ ಹುಡುಗಿ ಯೋಹಾನನ ತಲೆ ಕೇಳುವಾಗ ‘ಬೈ ಅಂಡ್ ಬೈ’ ಎನ್ನುತ್ತಾಳೆ. ‘ನಿಧಾನವಾಗಿ ಕೊಡಿಸಿ’ ಎಂದು ಬರೆಯುವ ಮುನ್ನ ಅದೇ ವಚನದಲ್ಲಿ ಅವಳು ಅವಸರವಾಗಿ ಒಳಗೆ ಬಂದದ್ದನ್ನು ನೋಡಿ.

ಕೊನೆಗೆ, ಮೇಜಿನ ಮೇಲೆ ಏನಿರಬೇಕು, ಏನಿರಬಾರದು

ಇರಬೇಕಾದ್ದು ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿ. 1884ರಲ್ಲಿ ಮೊದಲ ಕಂತು, 1928ರಲ್ಲಿ ಕೊನೆಯದು ಬಂತು. ಪ್ರತಿ ಅರ್ಥದ ಕೆಳಗೂ ಇಸವಿ ಹಾಕಿದ ಪ್ರಯೋಗಗಳಿವೆ, ಅವನ್ನೇ ಮೊದಲು ಓದಿ, ಅರ್ಥವಿವರಣೆಯನ್ನು ಆಮೇಲೆ ಓದಿ. ಮೊದಲ ಪ್ರಯೋಗದ ಇಸವಿ ಎಂದರೆ ನಿಘಂಟಿನವರಿಗೆ ಸಿಕ್ಕ ಮೊದಲ ಬರಹ, ಬಾಯಿಮಾತಿನಲ್ಲಿ ಅದಕ್ಕೂ ಮೊದಲೇ ಇದ್ದಿರಬಹುದು. ಹತ್ತಿಪ್ಪತ್ತು ವರ್ಷದ ಆಚೀಚೆಗೆ ಹಟ ಹಿಡಿಯಬೇಡಿ, ಇನ್ನೂರು ವರ್ಷದ ಅಂತರವಿದ್ದರೆ ಬಿಡಬೇಡಿ. 18ನೇ ಶತಮಾನದ ಗದ್ಯಕ್ಕೆ ಸ್ಯಾಮ್ಯುಯೆಲ್ ಜಾನ್ಸನ್‌ನ 1755ರ ನಿಘಂಟು ಬೇಕು, ಅದು ಆ ಕಾಲದವನದೇ ಸಾಕ್ಷಿ. ಶೇಕ್ಸ್‌ಪಿಯರನಿಗೆ ಅಲೆಕ್ಸಾಂಡರ್ ಶ್ಮಿಟ್‌ನ ಪದಕೋಶ, ಇಲ್ಲವೇ 1911ರಲ್ಲಿ ಬಂದ ಆನಿಯನ್ಸ್‌ನ ಪುಟ್ಟ ಪದಸಂಗ್ರಹ. ಇರಬಾರದ್ದು ಶಾಲೆಯಲ್ಲಿ ಬಹುಮಾನ ಬಂದ ಇಂಗ್ಲಿಷ್-ಕನ್ನಡ ಜೇಬುನಿಘಂಟು. ಅದರಲ್ಲಿರುವುದು ಇಂದಿನ ಅರ್ಥ, ಅಂದರೆ ನಿಮ್ಮ ತಲೆಯಲ್ಲಿ ಈಗಾಗಲೇ ಇರುವುದು.

ಹಳೆಯ ಕೃತಿಯೆಂದು ಕನ್ನಡಕ್ಕೆ ಹಳಗನ್ನಡದ ಪೇಟ ತೊಡಿಸಬೇಡಿ. 1611ರ ರೈತನಿಗೆ ‘ಮೀಟ್’ ದಿನದ ಮಾತಾಗಿತ್ತು, ನಮ್ಮ ಓದುಗರಿಗೂ ದಿನದ ಮಾತೇ ಸಿಗಲಿ. ಎಷ್ಟು ಹುಡುಕಿದರೂ ಎರಡು ಅರ್ಥಗಳ ನಡುವೆ ತೀರ್ಮಾನವಾಗದ ಜಾಗಗಳು ಇದ್ದೇ ಇರುತ್ತವೆ. ಅಲ್ಲಿ ಅಂಚಿನಲ್ಲಿ ಪ್ರಶ್ನೆಚಿಹ್ನೆ ಹಾಕಿ, ಎರಡನ್ನೂ ಪೆನ್ಸಿಲಿನಲ್ಲಿ ಬರೆದು ಕೊಡಿ, ಕೂತು ಮಾತಾಡೋಣ. ಇಡೀ ಹಸ್ತಪ್ರತಿಯಲ್ಲಿ ಒಂದೂ ಪ್ರಶ್ನೆಚಿಹ್ನೆ ಇಲ್ಲದಿದ್ದರೆ ಅದನ್ನು ಎರಡನೇ ಸಲ ಓದುವವನು ನಾನು, ಕೆಂಪು ಪೆನ್ನು ಹಿಡಿದುಕೊಂಡು, ‘ಸ್ಟಿಲ್’, ‘ವಾಂಟ್’, ‘ಫಾಂಡ್’ ಪದಗಳಿಂದ ಶುರುಮಾಡಿ.